ಹೆಸರಿಡುವ ಮುನ್ನ ಅಜ್ಜಿಯ ಬಾಯಲ್ಲಿ ಒಮ್ಮೆ ಕೂಗಿಸಿ ನೋಡಿ

ಕಳೆದ ರಜೆಯಲ್ಲಿ ನಮ್ಮ ಮನೆಗೆ ಹೊಸ ಸದಸ್ಯೆಯೊಬ್ಬಳು ಬಂದಳು. ಅಕ್ಕನ ಮಗಳು. ಅಕ್ಕ, ಭಾವ ಇಬ್ಬರೂ ನೋಯ್ಡಾದಲ್ಲಿ ಕೆಲಸದಲ್ಲಿದ್ದಾರೆ. ಬಾಣಂತನಕ್ಕೆಂದು ಅಕ್ಕ ಹಾಸನಕ್ಕೆ ಬಂದಿದ್ದಳು. ಮಗು ಹುಟ್ಟಿದ್ದು ಅಶ್ವಿನಿ ನಕ್ಷತ್ರದ ಎರಡನೇ ಪಾದದಲ್ಲಿ. ಪುರೋಹಿತರು ಪಂಚಾಂಗ ನೋಡಿ, ‘ಚೇ’ ಅಕ್ಷರದಿಂದ ಹೆಸರಿಡಿ ಎಂದರು. ಅಶ್ವಿನಿಯ ನಾಲ್ಕು ಪಾದಗಳಿಗೆ ಚು, ಚೇ, ಚೋ, ಲ ಎಂಬ ಅಕ್ಷರಗಳಿವೆಯಂತೆ. ಯಾವುದರಿಂದಲೂ ಸುಲಭವಾಗಿ ಹೆಸರು ಸಿಗುವುದಿಲ್ಲ ಎಂದು ಅಂದೇ ಗೊತ್ತಾಯಿತು.

‘ಚೇ’ಯಿಂದ ತಕ್ಷಣ ಹೊಳೆದದ್ದು ಚೇತನಾ. ಅಕ್ಕನಿಗೆ ಅದು ಹಳೆಯದೆನಿಸಿತು. ಮೊಬೈಲಿನಲ್ಲಿ ಹುಡುಕಿದಳು. ಹೆಸರುಗಳ ಪಟ್ಟಿಯಲ್ಲಿ ‘ಚೇಷ್ಟಾ’ ಸಿಕ್ಕಿತು. ಪಕ್ಕದಲ್ಲೇ ಅರ್ಥವೂ ಇತ್ತು: ಪ್ರಯತ್ನ, ಚಟುವಟಿಕೆ. ಭಾವನಿಗೂ ಇಷ್ಟವಾಯಿತು. ಅವರ ಆಫೀಸಿನಲ್ಲಿ ಆ ಹೆಸರಿನ ಹುಡುಗಿಯೊಬ್ಬಳಿದ್ದಾಳಂತೆ, ತುಂಬಾ ಚುರುಕಂತೆ. ಇಬ್ಬರೂ ಇನ್ನೇನು ಒಪ್ಪಿದರು ಎನ್ನುವಾಗ ಅಜ್ಜಿ ಒಳಗಿನಿಂದ ಬಂದರು.

‘ಚೇಷ್ಟೇನಾ? ಮಗು ಚೇಷ್ಟೆ ಮಾಡ್ಲಿ, ಬೇಡ ಅನ್ನಲ್ಲ. ಹೆಸರೇ ಚೇಷ್ಟೆ ಅಂತ ಇಟ್ರೆ ನಾಳೆ ಬೈಯೋದು ಹೆಂಗೆ?’

‘ಅಜ್ಜಿ, ಸಂಸ್ಕೃತದಲ್ಲಿ ಪ್ರಯತ್ನ ಅಂತ ಅರ್ಥ’ ಎಂದಳು ಅಕ್ಕ.

‘ಸಂಸ್ಕೃತದಲ್ಲಿ ಯಾರು ಕೂಗ್ತಾರೆ ಅವಳನ್ನ?’

ಎಲ್ಲರೂ ನಕ್ಕೆವು. ಆದರೆ ಅಜ್ಜಿಯ ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಅದಕ್ಕೆ ಕಾರಣ ನನ್ನ ಹಾಸ್ಟೆಲ್ ರೂಮ್‌ಮೇಟ್.

ಅವಳು ರಾಜಸ್ಥಾನದವಳು. ಹೆಸರು ಶಿಕ್ಷಾ. ಅಪ್ಪ, ಅಮ್ಮ ಇಬ್ಬರೂ ಶಾಲಾ ಶಿಕ್ಷಕರು. ಮಗಳಿಗೆ ಪ್ರೀತಿಯಿಂದ ಇಟ್ಟ ಹೆಸರದು. ಹಿಂದಿಯಲ್ಲಿ ಶಿಕ್ಷಾ ಎಂದರೆ ವಿದ್ಯೆ, ಶಿಕ್ಷಣ. ಮೊದಲ ಸೆಮಿಸ್ಟರಿನ ಮೊದಲ ವಾರ ಹಾಜರಿ ಕರೆಯುತ್ತಿದ್ದ ಉಪನ್ಯಾಸಕರು ಆ ಹೆಸರಿನ ಮುಂದೆ ನಿಂತು, ‘ಏನಮ್ಮಾ, ಯಾರು ಕೊಟ್ರು ನಿನಗೆ ಈ ಶಿಕ್ಷೆ?’ ಎಂದರು. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಅವಳಿಗೆ ಕನ್ನಡ ಬಾರದು. ಎಲ್ಲರೂ ನಗುತ್ತಿದ್ದಾರಲ್ಲ ಎಂದು ಅವಳೂ ಸ್ವಲ್ಪ ನಕ್ಕಳು.

ರಾತ್ರಿ ರೂಮಿನಲ್ಲಿ ಕೇಳಿದಳು, ‘ಅವರು ಏನಂದರು?’ ನನಗೆ ಸುಳ್ಳು ಹೇಳಲು ಬರಲಿಲ್ಲ. ‘ನಮ್ಮಲ್ಲಿ ಆ ಪದಕ್ಕೆ ದಂಡನೆ ಅಂತ ಅರ್ಥ’ ಎಂದೆ. ಅವಳು ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, ‘ಅಪ್ಪನಿಗೆ ಇದನ್ನು ಹೇಳಲ್ಲ’ ಎಂದಳು. ನಾನು ಅಂದು ನಕ್ಕಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ನಿಜವಾಗಿ ನೋಡಿದರೆ ಆ ಹೆಸರಿನಲ್ಲಿ ತಪ್ಪೇನಿದೆ? ಸಂಸ್ಕೃತದಲ್ಲಿ ಶಿಕ್ಷಾ ಎಂದರೆ ಕಲಿಕೆ. ಆರು ವೇದಾಂಗಗಳಲ್ಲಿ ಒಂದರ ಹೆಸರೇ ಶಿಕ್ಷಾ, ಅಕ್ಷರಗಳನ್ನು ಸರಿಯಾಗಿ ಉಚ್ಚರಿಸುವುದನ್ನು ಕಲಿಸುವ ಶಾಸ್ತ್ರ. ನಮ್ಮ ಶಿಕ್ಷಕ, ಶಿಕ್ಷಣ, ಸುಶಿಕ್ಷಿತ ಎಲ್ಲವೂ ಅದೇ ಬೇರಿನವು. ಕಲಿಸುವುದೆಂದರೆ ತಿದ್ದುವುದು, ತಿದ್ದುವುದೆಂದರೆ ದಂಡಿಸುವುದು. ಪದದ ಅರ್ಥ ಈ ದಾರಿಯಲ್ಲಿ ಜಾರಿದಂತಿದೆ. ಇದು ಕನ್ನಡಕ್ಕೆ ಮಾತ್ರ ಆದದ್ದೂ ಅಲ್ಲ, ತೆಲುಗು, ಮಲಯಾಳ, ಮರಾಠಿಗಳಲ್ಲೂ ಆ ಪದಕ್ಕೆ ದಂಡನೆಯ ಅರ್ಥವಿದೆ. ಹಿಂದಿ ಹಳೆಯ ಅರ್ಥವನ್ನು ಉಳಿಸಿಕೊಂಡಿತು. ನಾವು ‘ಜೀವಾವಧಿ ಶಿಕ್ಷೆ’ ಎನ್ನುವಾಗ ಯಾರಿಗೂ ವೇದಾಂಗ ನೆನಪಾಗುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಹೆಸರಿನ ಅರ್ಥ ಅದು ಹುಟ್ಟಿದ ಭಾಷೆಯಲ್ಲಿ ಇರುವುದಿಲ್ಲ, ಅದನ್ನು ಕೂಗುವ ಬೀದಿಯಲ್ಲಿ ಇರುತ್ತದೆ. ಶಿಕ್ಷಾಳ ಅಪ್ಪ, ಅಮ್ಮನನ್ನು ದೂರುವಂತಿಲ್ಲ. ಮಗಳು ಕರ್ನಾಟಕದಲ್ಲಿ ಓದುತ್ತಾಳೆಂದು ಅವರಿಗೆ ಕನಸು ಬಿದ್ದಿರಲಿಲ್ಲ. ಅವಳ ಹೆಸರು ಕೇಳಿ ನಗುವುದನ್ನು ನಾವೇ ಬಿಡಬೇಕು. ಆದರೆ ಕನ್ನಡದ ಮನೆಯಲ್ಲಿ ಹುಟ್ಟಿ, ಕನ್ನಡದ ಅಂಗನವಾಡಿ, ಶಾಲೆ, ಮದುವೆಮನೆಗಳಲ್ಲಿ ಬೆಳೆಯುವ ಮಗುವಿಗೆ ನಾವು ಹೆಸರಿಡುವಾಗ ‘ಗೊತ್ತಾಗಲಿಲ್ಲ’ ಎನ್ನಲು ಆಗುವುದಿಲ್ಲ. ಸ್ವಲ್ಪ ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ.

ಹಾಗಾದರೆ ಅಕ್ಕನಿಗೆ ಏಕೆ ಗೊತ್ತಾಗಲಿಲ್ಲ? ಅವಳು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ‘ಚೇಷ್ಟೆ’ ಅವಳಿಗೆ ಗೊತ್ತಿಲ್ಲದ ಪದವೇ? ಯೋಚಿಸಿದಾಗ ಹೈಸ್ಕೂಲಿನ ವ್ಯಾಕರಣ ನೆನಪಾಯಿತು. ಸಂಸ್ಕೃತದಲ್ಲಿ ‘ಆ’ಕಾರದಿಂದ ಮುಗಿಯುವ ಪದಗಳು ಕನ್ನಡಕ್ಕೆ ಬರುವಾಗ ‘ಎ’ಕಾರದಿಂದ ಮುಗಿಯುತ್ತವೆ. ಮಾಲಾ ಮಾಲೆಯಾಗುತ್ತದೆ, ದಯಾ ದಯೆಯಾಗುತ್ತದೆ, ಸೀತಾ ಸೀತೆಯಾಗುತ್ತಾಳೆ. ಆದರೆ ಹೆಸರಿಡುವಾಗ ನಾವು ‘ಆ’ಕಾರವನ್ನೇ ಉಳಿಸಿಕೊಳ್ಳುತ್ತೇವೆ, ಅದೂ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಓದುತ್ತೇವೆ. Cheshta ಎಂದು ಬರೆದದ್ದನ್ನು ಕಂಡಾಗ ನಮ್ಮ ಮನೆಯ ಚೇಷ್ಟೆ ಕಣ್ಣಿಗೆ ಬೀಳುವುದಿಲ್ಲ. ಅಜ್ಜಿ ಅದನ್ನು ಓದಲಿಲ್ಲ, ಕೇಳಿಸಿಕೊಂಡರು. ಕೇಳಿದ ಕೂಡಲೇ ಅವರ ನಾಲಿಗೆ ಕೊನೆಯ ಅಕ್ಷರವನ್ನು ಕನ್ನಡ ಮಾಡಿತು.

ಆದ್ದರಿಂದ ಮೊದಲ ಪರೀಕ್ಷೆ ಇದು. ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ, ಕೊನೆಯ ‘ಆ’ಕಾರವನ್ನು ತೆಗೆದು ‘ಎ’ಕಾರ ಹಾಕಿ, ಗಟ್ಟಿಯಾಗಿ ಓದಿ. ಉಪೇಕ್ಷಾ ಎಂಬ ಹೆಸರಿದೆ. ಬೌದ್ಧರಲ್ಲಿ ಅದು ಸಮಚಿತ್ತವನ್ನು ಹೇಳುವ ದೊಡ್ಡ ಪದ. ಕನ್ನಡದಲ್ಲಿ ಓದಿದರೆ ಉಪೇಕ್ಷೆ, ಅಂದರೆ ಕಡೆಗಣಿಸುವುದು. ಹೆತ್ತವರು ಮಗಳನ್ನೇ ಉಪೇಕ್ಷಿಸಿದಂತೆ! ಸಮೀಕ್ಷಾ ನಮ್ಮಲ್ಲೂ ಇರುವ ಹೆಸರು. ಹಿಂದಿಯಲ್ಲಿ ವಿಮರ್ಶೆ ಎಂಬ ಅರ್ಥವಿದ್ದರೆ, ನಮ್ಮಲ್ಲಿ ಮನೆಮನೆಗೆ ಬರುವ ಸಮೀಕ್ಷೆ. ಇದರಿಂದ ಕೆಡುಕೇನೂ ಇಲ್ಲ, ಒಂದೆರಡು ತಮಾಷೆ ಹುಟ್ಟಬಹುದು ಅಷ್ಟೆ.

ಗಂಡುಮಕ್ಕಳ ಹೆಸರಿಗೆ ಈ ಪರೀಕ್ಷೆ ತಿರುಗುಮುರುಗು. ಅಲ್ಲಿ ಹಿಂದಿಯ ಪ್ರಭಾವದಿಂದ ಕೊನೆಯ ‘ಅ’ಕಾರವೇ ಬಿದ್ದುಹೋಗಿರುತ್ತದೆ. ಅದನ್ನು ಮತ್ತೆ ಸೇರಿಸಿ ಓದಬೇಕು. ಆಭಾಸ್ ಎಂದರೆ ಹೊಳಪು, ಕಾಂತಿ ಎಂದು ಪಟ್ಟಿ ಹೇಳುತ್ತದೆ. ಸಂಸ್ಕೃತದಲ್ಲಿ ಆ ಅರ್ಥ ಇರುವುದು ನಿಜ. ‘ಅ’ಕಾರ ಸೇರಿಸಿದರೆ ಆಭಾಸ. ಮದುವೆಮನೆಯಲ್ಲಿ ಊಟ ಸಾಲದೆ ಹೋದರೆ ‘ಆಭಾಸ ಆಗೋಯ್ತು’ ಎನ್ನುತ್ತೇವಲ್ಲ, ಅದೇ. ಪ್ರಯಾಸ್ ಎಂದರೆ ಹಿಂದಿಯವರಿಗೆ ಪ್ರಯತ್ನ, ನಮಗೆ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುವ ಪ್ರಯಾಸ.

ಎರಡನೇ ಪರೀಕ್ಷೆಯನ್ನು ನನ್ನ ಮೇಲೇ ಪ್ರಯೋಗಿಸಿ ಹೇಳುತ್ತೇನೆ. ನನ್ನ ಹೆಸರು ಅವನಿ. ಸಂಸ್ಕೃತದಲ್ಲಿ ಭೂಮಿ ಎಂದರ್ಥ. ಅಪ್ಪ ಹುಡುಕಿ ಇಟ್ಟದ್ದು. ಹೆಸರನ್ನು ಹಾಗೆಯೇ ಹೇಳಿದರೆ ಯಾವ ತೊಂದರೆಯೂ ಇಲ್ಲ. ಆದರೆ ನಮ್ಮ ಭಾಷೆಯಲ್ಲಿ ಹೆಸರು ಒಂಟಿಯಾಗಿ ನಿಲ್ಲುವುದಿಲ್ಲ, ಅದಕ್ಕೆ ವಿಭಕ್ತಿ ಅಂಟಿಕೊಳ್ಳುತ್ತದೆ. ಕಾವೇರಿಗೆ, ಗೌರಿಗೆ ಎನ್ನುವಂತೆ ನನಗೆ ‘ಗೆ’ ಸೇರಿಸಿ. ಅವನಿಗೆ! ಏಳು ವಿಭಕ್ತಿಗಳಲ್ಲಿ ಚತುರ್ಥಿಯೊಂದರಲ್ಲಿ ಮಾತ್ರ ನಾನು ಹುಡುಗನಾಗಿಬಿಡುತ್ತೇನೆ. ‘ಅವನಿಯನ್ನು’ ಎಂದರೆ ನಾನೇ, ‘ಅವನಿಯ’ ಎಂದರೂ ನಾನೇ. ‘ಅವನಿಗೆ’ ಎಂದರೆ ಯಾರೋ ಅವನು.

ಚಿಕ್ಕವಳಿದ್ದಾಗ ಅಮ್ಮ ‘ಅವನಿಗೆ ಇನ್ನೊಂದು ದೋಸೆ ಹಾಕು’ ಎಂದರೆ ಅದು ತಮ್ಮನ ತಟ್ಟೆಗೆ ಹೋಗುತ್ತಿತ್ತು. ಅವನು ಸುಮ್ಮನೆ ತಿಂದು ಮುಗಿಸುತ್ತಿದ್ದ. ಈಗ ಬಿ.ಇ. ಐದನೇ ಸೆಮಿಸ್ಟರ್. ಕಳೆದ ತಿಂಗಳು ಇಂಟರ್ನ್‌ಶಿಪ್ ಫಾರಂ ಒಂದನ್ನು ‘ಅವನಿಗೆ ಕೊಡಿ’ ಎಂದು ಮೇಡಂ ಕಳಿಸಿದರೆ, ತಂದವರು ಅದನ್ನು ನನ್ನ ಪ್ರಾಜೆಕ್ಟಿನ ಹುಡುಗನಿಗೆ ಕೊಟ್ಟು ಹೋದರು. ಅವನು ಅದನ್ನು ಬ್ಯಾಗಿಗೆ ಹಾಕಿಕೊಂಡು ಊರಿಗೆ ಹೋದ. ಕೊನೆಯ ದಿನ ಸಂಜೆ ಅವನಿಂದ ಫೋಟೊ ತರಿಸಿಕೊಂಡು ತುಂಬಿದೆ.

ಆದ್ದರಿಂದ ಹೆಸರಿಗೆ ಅನ್ನು, ಇಂದ, ಗೆ, ಅಲ್ಲಿ ಎಲ್ಲವನ್ನೂ ಸೇರಿಸಿ ನಾಲ್ಕು ವಾಕ್ಯ ಮಾಡಿ ನೋಡಿ. ‘ಬಂದಳು’, ‘ಬಿದ್ದಳು’, ‘ಎಲ್ಲಿ ಹೋದಳು’ ಎಂದೂ ಹೇಳಿ ನೋಡಿ. ಬರೀ ಹೆಸರಿನಲ್ಲಿ ಕಾಣದ್ದು ವಾಕ್ಯದಲ್ಲಿ ಕಾಣುತ್ತದೆ.

ಮೂರನೆಯದು ತುಂಡರಿಸುವ ಪರೀಕ್ಷೆ. ಮೂರು ಅಕ್ಷರ ದಾಟಿದ ಯಾವ ಹೆಸರನ್ನೂ ಶಾಲೆಯಲ್ಲಿ ಪೂರ್ತಿ ಕೂಗುವುದಿಲ್ಲ. ಮೊದಲ ಎರಡು ಅಕ್ಷರ ಉಳಿಯುತ್ತದೆ, ಉಳಿದದ್ದು ಹಾಜರಿ ಪುಸ್ತಕದಲ್ಲಿರುತ್ತದೆ. ಜೊತೆಗೆ ನಮ್ಮಲ್ಲಿ ಬಹುತೇಕರ ಮಾತಿನಲ್ಲಿ ಮಹಾಪ್ರಾಣ ನಿಲ್ಲುವುದಿಲ್ಲ. ನನ್ನ ಚಿಕ್ಕಪ್ಪನ ಮಗ ಧನಂಜಯ. ಎಷ್ಟು ಗಂಭೀರವಾದ ಹೆಸರು, ಅರ್ಜುನನದು. ತುಂಡಾದಾಗ ಧನ, ಮಹಾಪ್ರಾಣ ಹೋದಾಗ ದನ. ಐದನೇ ತರಗತಿಯಿಂದ ಪಿಯುಸಿವರೆಗೆ ಅವನು ದನವಾಗಿಯೇ ಇದ್ದ. ಅವನು ಅದನ್ನು ನಗುತ್ತಲೇ ತೆಗೆದುಕೊಂಡ. ಎಲ್ಲ ಮಕ್ಕಳೂ ಹಾಗೆ ತೆಗೆದುಕೊಳ್ಳುತ್ತಾರೆಂದು ಹೇಳಲಾಗದು.

ಇಷ್ಟೆಲ್ಲ ಪರೀಕ್ಷೆ ಮಾಡಿದರೆ ಯಾವ ಹೆಸರೂ ಉಳಿಯುವುದಿಲ್ಲ ಎಂದು ನೀವು ಕೇಳಬಹುದು. ನನ್ನ ಅಪ್ಪ ಕೂಡ ಇದನ್ನೇ ಕೇಳಿದರು. ಅದು ನಿಜ. ಕೀಟಲೆ ಮಾಡಲೇಬೇಕೆಂದು ಹೊರಟವರಿಗೆ ಎಲ್ಲ ಹೆಸರೂ ಒದಗುತ್ತದೆ. ಹಾಗಾಗಿ ನಾನು ನೋಡುವುದು ಹೆಸರು ಎಲ್ಲಿ ಎಡವುತ್ತದೆ ಎಂಬುದನ್ನಲ್ಲ, ಎಡವಿದರೆ ಎಲ್ಲಿ ಬೀಳುತ್ತದೆ ಎಂಬುದನ್ನು.

ಸಾವಿನ ಮನೆಯ ಪದಗಳ ಮೇಲೆ ಬೀಳುವ ಹೆಸರನ್ನು ಬಿಡುವುದೇ ಒಳ್ಳೆಯದು. ಗುಜರಾತಿನಲ್ಲಿ ತಿಥಿ, ವಿಧಿ ಎಂಬ ಹೆಣ್ಣುಮಕ್ಕಳ ಹೆಸರುಗಳಿವೆ. ಸಂಸ್ಕೃತದಲ್ಲಿ ತಿಥಿ ಎಂದರೆ ಚಾಂದ್ರಮಾನದ ದಿನ. ನಮ್ಮ ಪಂಚಾಂಗದಲ್ಲೂ ಅದೇ ಅರ್ಥವಿದೆ. ಆದರೆ ಹಳ್ಳಿಯಲ್ಲಿ ‘ಇವತ್ತು ತಿಥಿ’ ಎಂದರೆ ಪಾಡ್ಯವೋ ಬಿದಿಗೆಯೋ ಎಂದು ಯಾರೂ ಕೇಳುವುದಿಲ್ಲ, ಯಾರದು ಎಂದು ಕೇಳುತ್ತಾರೆ. ರಾಮ್ ರೆಡ್ಡಿ ಅವರ ‘ತಿಥಿ’ ಸಿನಿಮಾದ ಹೆಸರಿಗೆ ಕನ್ನಡದ ಪ್ರೇಕ್ಷಕರಿಗೆ ವಿವರಣೆ ಬೇಕಾಗಲಿಲ್ಲ. ವಿಧಿ ಎಂದರೆ ಕ್ರಮ, ನಿಯಮ, ಬ್ರಹ್ಮ ಎಂಬ ಅರ್ಥಗಳೂ ಇವೆ. ಆದರೆ ಪತ್ರಿಕೆಯ ನಿಧನವಾರ್ತೆ ಓದುವವರಿಗೆ ‘ವಿಧಿವಶರಾದರು’ ಎಂಬುದೇ ಮೊದಲು ನೆನಪಾಗುತ್ತದೆ. ಇಂಥ ಹೆಸರಿನ ತೊಂದರೆ ತರಗತಿಯ ತಮಾಷೆಗೆ ಮುಗಿಯುವುದಿಲ್ಲ. ದುಃಖದ ಮನೆಯಲ್ಲಿ ಮಗುವನ್ನು ಕೂಗಲು ಹಿರಿಯರ ನಾಲಿಗೆ ಹಿಂಜರಿಯುತ್ತದೆ.

ಇಲ್ಲಿ ಇಂಗ್ಲಿಷ್ ಕಾಗುಣಿತದ ಇನ್ನೊಂದು ಗುಂಡಿಯೂ ಇದೆ. ಶ್ರದ್ಧಾ ಒಳ್ಳೆಯ ಹೆಸರು. ಆದರೆ Shraddha ಎಂದು ಬರೆದಾಗ ಅದನ್ನು ಶ್ರದ್ಧಾ ಎಂದೂ ಓದಬಹುದು, ಶ್ರಾದ್ಧ ಎಂದೂ ಓದಬಹುದು. ದಾಖಲೆಯಲ್ಲಿ ಕನ್ನಡದ ಕಾಗುಣಿತವನ್ನು ಕಣ್ಣಿಟ್ಟು ನೋಡಿಕೊಳ್ಳಬೇಕು. ಒಂದು ದೀರ್ಘ ಹೆಚ್ಚಾದರೆ ಮಗುವಿನ ಹೆಸರೇ ಶ್ರಾದ್ಧವಾಗುತ್ತದೆ.

ಅವಮಾನದ, ದಂಡನೆಯ ಪದಗಳ ಮೇಲೆ ಬೀಳುವ ಹೆಸರನ್ನೂ ನಾನು ಬಿಡುತ್ತೇನೆ. ಶಿಕ್ಷೆ, ಆಭಾಸ, ಉಪೇಕ್ಷೆ ಈ ಸಾಲಿನವು. ನನ್ನ ಹೆಸರಿನಂತೆ ಗೊಂದಲವಷ್ಟೇ ಆಗುವುದಾದರೆ ಇಟ್ಟುಕೊಳ್ಳಬಹುದು. ಫಾರಂ ತಡವಾಯಿತು ನಿಜ, ಆದರೆ ಅವನಿ ಎಂಬುದಕ್ಕಾಗಿ ನಾನು ಯಾವತ್ತೂ ತಲೆ ತಗ್ಗಿಸಿಲ್ಲ.

ಈ ಲೆಕ್ಕ ಇನ್ನೊಂದು ದಿಕ್ಕಿನಲ್ಲೂ ಸರಿಹೋಗುತ್ತದೆ. ಸಂಸ್ಕೃತದಲ್ಲಿ ಅರ್ಥ ಅಷ್ಟೇನೂ ಚೆನ್ನಾಗಿಲ್ಲದ ಪದವನ್ನು ಕನ್ನಡ ಎತ್ತಿ ಮೇಲೆ ಕೂರಿಸಿದ್ದೂ ಇದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸಾಹಸ ಎಂಬುದು ಅಪರಾಧ. ಬಲಾತ್ಕಾರದಿಂದ ಕಿತ್ತುಕೊಳ್ಳುವುದಕ್ಕೆ ಆ ಹೆಸರು. ಕನ್ನಡದಲ್ಲಿ ಸಾಹಸವೆಂದರೆ ಧೈರ್ಯ. ವಿಷ್ಣುವರ್ಧನ್ ಅವರನ್ನು ಸಾಹಸಸಿಂಹ ಎಂದು ಕರೆದವರು ನಾವು. ಯಾರಾದರೂ ಮಗನಿಗೆ ಸಾಹಸ್ ಎಂದಿಟ್ಟರೆ ಸಂಸ್ಕೃತ ಪಂಡಿತರ ಹಳೆಯ ಅರ್ಥಕ್ಕೆ ಹೆದರಬೇಕಿಲ್ಲ. ಬೀದಿ ಕೊಟ್ಟ ಅರ್ಥ ಅಲ್ಲಿ ಮಗುವಿನ ಪರವಾಗಿದೆ.

ಇನ್ನು ಅಕ್ಕನ ಮಗಳ ವಿಷಯ. ಅಜ್ಜಿಯ ಮಾತಿನ ನಂತರ ಚೇಷ್ಟಾ ಬಿತ್ತು, ಆದರೆ ಬೇರೆ ಹೆಸರು ಸಿಗಲಿಲ್ಲ. ಜನನ ನೋಂದಣಿಗೆ 21 ದಿನಗಳೊಳಗೆ ಮಾಹಿತಿ ಕೊಡಬೇಕೆಂದು ಅಕ್ಕನಿಗೆ ಆತಂಕ. ವಿಚಾರಿಸಿದಾಗ ಗೊತ್ತಾಯಿತು, 21 ದಿನದ ಗಡುವು ಇರುವುದು ಜನನವನ್ನು ತಿಳಿಸಲು, ಹೆಸರಿಗಲ್ಲ. ಹೆಸರಿನ ಜಾಗ ಖಾಲಿ ಬಿಟ್ಟೇ ನೋಂದಾಯಿಸಬಹುದು. ನೋಂದಣಿಯಾದ ದಿನದಿಂದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಆಮೇಲೆ 15 ವರ್ಷದವರೆಗೆ ವಿಳಂಬ ಶುಲ್ಕ ಕೊಟ್ಟು ಸೇರಿಸಬಹುದು. ಒಮ್ಮೆ ಸೇರಿಸಿದ ಹೆಸರನ್ನು ಬದಲಾಯಿಸುವುದು ಮಾತ್ರ ಸುಲಭವಲ್ಲ. ಅಂದರೆ ಅವಸರಪಟ್ಟು ಬರೆಸುವುದಕ್ಕಿಂತ ಎರಡು, ಮೂರು ತಿಂಗಳು ಮನೆಯಲ್ಲಿ ಕೂಗಿ ನೋಡಿ ಬರೆಸುವುದು ಜಾಣತನ.

ಅಕ್ಕ ಹಾಗೆಯೇ ಮಾಡಿದಳು. ನಾಮಕರಣದ ದಿನ ಕಿವಿಯಲ್ಲಿ ಮೂರು ಬಾರಿ ಹೇಳಿದ್ದು ‘ಚೇ’ ಅಕ್ಷರದ ಚೇತನಾ ಎಂದೇ. ಅದು ಜನ್ಮನಾಮವಾಗಿ ಉಳಿಯಿತು, ಪುರೋಹಿತರೂ ಒಪ್ಪಿದರು. ದಾಖಲೆಯ ಹೆಸರಿಗೆ ಮನೆಯ ಕ್ಯಾಲೆಂಡರಿನ ಹಿಂದೆ ಐದು ಹೆಸರು ಬರೆದೆವು. ನಾನು ವಿಭಕ್ತಿ ಹಚ್ಚಿ ನೋಡಿದೆ, ತಮ್ಮ ತುಂಡರಿಸಿ ಅಡ್ಡಹೆಸರು ಹುಡುಕಿದ, ಅದರಲ್ಲಿ ಅವನನ್ನು ಮೀರಿಸುವವರಿಲ್ಲ. ಅಪ್ಪ ಕಿಟೆಲ್ ನಿಘಂಟು ತೆಗೆದರು. 1894ರ ಆ ಪುಸ್ತಕದಲ್ಲಿ ಸಂಸ್ಕೃತದಿಂದ ಬಂದ ಪದಗಳೂ ಇವೆ, ಒಂದೇ ಪದದ ಹಲವು ಅರ್ಥಗಳನ್ನು ಒಟ್ಟಿಗೆ ನೋಡಬಹುದು. ಎಲ್ಲಕ್ಕಿಂತ ಕೊನೆಗೆ ಅಜ್ಜಿ ಹಿತ್ತಲ ಬಾಗಿಲಲ್ಲಿ ನಿಂತು ಒಂದೊಂದನ್ನೂ ಕೂಗಿದರು.

ಉಳಿದದ್ದು ಇಂಚರ. ಕನ್ನಡದ ಪದ, ಇನಿಯಾದ ದನಿ ಎಂದರ್ಥ. ಅಜ್ಜಿಯ ಬಾಯಲ್ಲಿ ಚೆನ್ನಾಗಿ ಕೇಳಿಸಿತು. ಆದರೆ ಮಗು ಬೆಳೆಯುವುದು ನೋಯ್ಡಾದಲ್ಲಿ, ಅಲ್ಲಿನ ಬೀದಿಯನ್ನೂ ಕೇಳಬೇಕಲ್ಲ? ನಾವು ಶಿಕ್ಷಾಳಿಗೆ ಮಾಡಿದ್ದು ಇವಳಿಗೆ ಅಲ್ಲಿ ಆಗಬಾರದು. ನಾನು ಶಿಕ್ಷಾಗೆ ಫೋನ್ ಮಾಡಿ, ಹಿಂದಿಯಲ್ಲಿ ಈ ಹೆಸರು ಏನಾದರೂ ಕೆಟ್ಟದಾಗಿ ಕೇಳಿಸುತ್ತದೆಯೇ ಎಂದು ಕೇಳಿದೆ. ಅವಳು ಎರಡು ಬಾರಿ ಹೇಳಿ ನೋಡಿ, ‘ಕೆಟ್ಟದೇನಿಲ್ಲ. ಆದರೆ ಕ್ಲಾಸಿನಲ್ಲಿ ಇಂಚ್ ಅಂತ ಕರೀತಾರೆ’ ಎಂದಳು.

ಅಕ್ಕನಿಗೆ ಹೇಳಿದೆ. ಅವಳು ಮಗುವನ್ನು ನೋಡಿ, ‘ಇಂಚ್ ಆದ್ರೆ ಪರವಾಗಿಲ್ಲ, ಬೆಳೀತಾಳೆ’ ಎಂದಳು. ಮರುವಾರ ಹೆಸರು ಬರೆಸಿದರು.